ಓಡುವ ಎದೆಗೆ ಮೊದಲು ತಣ್ಣೀರು, ಆಮೇಲೆ ನಿಡಿದಾದ ಉಸಿರು

ಹೃದಯ ಕಸಿ ಮಾಡಿಸಿಕೊಂಡವರ ನಾಡಿಯಲ್ಲಿ ಒಂದು ವಿಶೇಷವಿದೆ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಅವರು ಎಷ್ಟೇ ಹಾಯಾಗಿ ಒರಗಿ ಕುಳಿತಿದ್ದರೂ ಹೃದಯ ನಿಮಿಷಕ್ಕೆ 90ರಿಂದ 110 ಬಾರಿ ಬಡಿಯುತ್ತಿರುತ್ತದೆ. ಹೊಸ ಹೃದಯದಲ್ಲಿ ಯಾವ ದೋಷವೂ ಇರುವುದಿಲ್ಲ. ಅದನ್ನು ದಾನಿಯ ದೇಹದಿಂದ ಬಿಡಿಸುವಾಗ ಮಿದುಳಿನಿಂದ ಬರುವ ನರಗಳನ್ನು ಕತ್ತರಿಸಲೇಬೇಕಾಗುತ್ತದೆ, ಹಾಗಾಗಿ ಅದು ಯಾರ ಮಾತನ್ನೂ ಕೇಳದೆ ತನ್ನ ಸ್ವಂತ ಲಯದಲ್ಲಿ ನಡೆಯುತ್ತದೆ. ಹೃದಯದ ಸ್ವಂತ ಲಯ ನಿಮಿಷಕ್ಕೆ ಸುಮಾರು ನೂರು.

ಹಾಗಾದರೆ ನಮ್ಮ ನಿಮ್ಮ ನಾಡಿ ಸುಮ್ಮನೆ ಕುಳಿತಾಗ 70ರ ಆಸುಪಾಸಿನಲ್ಲಿ ಇರುವುದು ಹೇಗೆ? ಮಿದುಳಿನ ಬುಡದಿಂದ ಹೊರಟು, ಕುತ್ತಿಗೆಯ ಎರಡೂ ಬದಿಯಲ್ಲಿ ಇಳಿದು, ಎದೆ ಹೊಟ್ಟೆಗಳಿಗೆಲ್ಲ ಹರಡುವ ವೇಗಸ್ ಎಂಬ ನರ ಹಗಲಿರುಳೂ ಅದರ ಲಗಾಮು ಹಿಡಿದಿರುವುದರಿಂದ. ಗಾಬರಿಯಾದಾಗ ಮೊದಲು ಸಡಿಲವಾಗುವುದು ಈ ಲಗಾಮು. ಅದರ ಹಿಂದೆಯೇ ಅಡ್ರಿನಲಿನ್ ಬಂದು ಓಟವನ್ನು ಇನ್ನಷ್ಟು ಜೋರು ಮಾಡುತ್ತದೆ. ಮುಖಕ್ಕೆ ತಣ್ಣೀರು ಹಾಕಿಕೊಳ್ಳುವುದು, ಉಸಿರನ್ನು ನಿಧಾನವಾಗಿ ಹೊರಬಿಡುವುದು, ಈ ಎರಡೂ ಆ ಲಗಾಮನ್ನು ಮತ್ತೆ ಎಳೆಯುವ ದಾರಿಗಳು. ಆದರೆ ಎರಡೂ ಒಂದೇ ಬಗೆಯಲ್ಲಿ ಕೆಲಸ ಮಾಡುವುದಿಲ್ಲ. ಒಂದರ ಬಲ ಹೆಚ್ಚು, ಬಾಳಿಕೆ ಕಡಿಮೆ. ಇನ್ನೊಂದರ ಬಲ ಕಡಿಮೆ, ಬಾಳಿಕೆ ಹೆಚ್ಚು. ಇದು ಗೊತ್ತಿಲ್ಲದೆ ಮಾಡಿದವರು ಅರ್ಧದಲ್ಲೇ ಬಿಟ್ಟು "ಇದೆಲ್ಲ ಸುಳ್ಳು" ಎನ್ನುವುದನ್ನು ನೋಡಿದ್ದೇನೆ.

ವೇಗಸ್ ನರ ಹೃದಯವನ್ನು ನಿಧಾನಿಸುತ್ತದೆ ಎಂದು 1845ರಲ್ಲೇ ಜರ್ಮನಿಯ ವೇಬರ್ ಸಹೋದರರು ತೋರಿಸಿಕೊಟ್ಟಿದ್ದರು. ಅದು ಹೇಗೆ ನಿಧಾನಿಸುತ್ತದೆ ಎಂದು ತಿಳಿದದ್ದು 1921ರಲ್ಲಿ, ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ. ಆಟೋ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯಗಳನ್ನು ಲವಣದ ನೀರಿನಲ್ಲಿ ಬಡಿಯುವಂತೆ ಇಟ್ಟರು. ಒಂದರ ವೇಗಸ್ ನರವನ್ನು ಕೆಣಕಿದಾಗ ಅದು ನಿಧಾನವಾಯಿತು. ಆ ಹೃದಯದ ಸುತ್ತಲಿನ ದ್ರವವನ್ನು ತೆಗೆದು, ನರವೇ ಇಲ್ಲದ ಎರಡನೇ ಹೃದಯಕ್ಕೆ ಹಾಕಿದರೆ ಅದೂ ನಿಧಾನವಾಯಿತು. ನರದ ತುದಿಯಿಂದ ಯಾವುದೋ ರಾಸಾಯನಿಕ ಒಸರುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿರಲಿಲ್ಲ. ಪ್ರಯೋಗದ ಉಪಾಯ ಕನಸಿನಲ್ಲಿ ಹೊಳೆಯಿತೆಂದೂ, ಮೊದಲ ರಾತ್ರಿ ಗೀಚಿಟ್ಟದ್ದನ್ನು ಬೆಳಗ್ಗೆ ಓದಲಾಗಲಿಲ್ಲವೆಂದೂ, ಮರುರಾತ್ರಿ ಅದೇ ಕನಸು ಬಂದಾಗ ಎದ್ದು ನೇರ ಪ್ರಯೋಗಾಲಯಕ್ಕೆ ಹೋದೆನೆಂದೂ ಲೋವಿ ಹೇಳಿಕೊಂಡಿದ್ದಾರೆ. 1936ರಲ್ಲಿ ಅವರಿಗೆ ಹೆನ್ರಿ ಡೇಲ್ ಅವರ ಜೊತೆ ನೊಬೆಲ್ ಬಂತು.

ಆ ರಾಸಾಯನಿಕದ ಹೆಸರು ಅಸಿಟೈಲ್‌ಕೋಲಿನ್. ಅದು ಒಂದು ಬಡಿತ ಮುಗಿದು ಇನ್ನೊಂದು ಬರುವುದರೊಳಗೆ ಕೆಲಸ ಮಾಡುತ್ತದೆ, ಅಷ್ಟೇ ಬೇಗ ಒಡೆದು ಇಲ್ಲವಾಗುತ್ತದೆ. ಅಡ್ರಿನಲಿನ್ ಹಾಗಲ್ಲ. ಅದರ ಪರಿಣಾಮ ಏರುವುದಕ್ಕೂ ಹಲವು ಸೆಕೆಂಡು ಬೇಕು, ರಕ್ತದಿಂದ ಕರಗಿ ಹೋಗುವುದಕ್ಕಂತೂ ನಿಮಿಷಗಳೇ ಬೇಕು. ಮುಂದೆ ಹೇಳುವುದೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಮೊದಲು ಉಸಿರಿನ ವಿಷಯ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕಡೆ, ಎರಡು ಬೆರಳಿಟ್ಟು ನಿಮ್ಮ ನಾಡಿಯನ್ನು ಹಿಡಿಯಿರಿ. ನಿಧಾನವಾಗಿ ಉಸಿರು ಒಳಗೆಳೆದುಕೊಳ್ಳಿ, ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ಬಡಿತಗಳು ಹತ್ತಿರ ಹತ್ತಿರ ಬರುತ್ತವೆ, ಬಿಡುವಾಗ ದೂರ ದೂರವಾಗುತ್ತವೆ. ವಯಸ್ಸು ಚಿಕ್ಕದಿದ್ದಷ್ಟೂ ಇದು ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ. ಮಿದುಳಿನ ಬುಡದಲ್ಲಿ ಉಸಿರೆಳೆಯುವ ಕೆಲಸ ನೋಡಿಕೊಳ್ಳುವ ನರಕೋಶಗಳೂ ವೇಗಸ್ ಹೊರಡುವ ಕೋಶಗಳೂ ಅಕ್ಕಪಕ್ಕದಲ್ಲೇ ಇವೆ. ಉಸಿರು ಒಳಬರುತ್ತಿರುವಷ್ಟು ಹೊತ್ತು ಮೊದಲನೆಯವು ಎರಡನೆಯವನ್ನು ಅದುಮಿಡುತ್ತವೆ. ಉಸಿರು ಹೊರಹೊರಟ ಕ್ಷಣ ಆ ಅದುಮು ತೆಗೆಯುತ್ತದೆ, ವೇಗಸ್ ಮತ್ತೆ ಲಗಾಮು ಎಳೆಯುತ್ತದೆ.

ಇದು ವೈದ್ಯರಿಗೆ ಎಷ್ಟು ನಂಬಿಕೆಯ ಸಂಗತಿಯೆಂದರೆ, ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರ ನರಗಳು ಎಷ್ಟು ಕೆಟ್ಟಿವೆ ಎಂದು ನೋಡಲು ಇದನ್ನೇ ಪರೀಕ್ಷೆಯಾಗಿ ಬಳಸುತ್ತಾರೆ. ಒಂದು ನಿಮಿಷದಲ್ಲಿ ಆರೇ ಉಸಿರು ತೆಗೆದುಕೊಳ್ಳಲು ಹೇಳಿ, ಇಸಿಜಿ ಹಾಕಿ, ಒಳ ಉಸಿರಿನ ವೇಗಕ್ಕೂ ಹೊರ ಉಸಿರಿನ ವೇಗಕ್ಕೂ ಎಷ್ಟು ಅಂತರವಿದೆ ಎಂದು ಅಳೆಯುತ್ತಾರೆ. ಅಂತರ 15 ಬಡಿತಕ್ಕಿಂತ ಹೆಚ್ಚಿದ್ದರೆ ನರ ಚೆನ್ನಾಗಿದೆ, 10ಕ್ಕಿಂತ ಕಡಿಮೆಯಾದರೆ ಅನುಮಾನ ಎಂಬುದು ಹಳೆಯ ಅಳತೆ. ವಯಸ್ಸಾದಂತೆ ಈ ಅಂತರ ತಾನಾಗಿಯೇ ತಗ್ಗುತ್ತದೆ. ಹಾಗಾಗಿ ಎಪ್ಪತ್ತು ದಾಟಿದವರಿಗೆ, ಹಳೆಯ ಸಕ್ಕರೆ ಕಾಯಿಲೆಯವರಿಗೆ ಈ ಉಪಾಯದಿಂದ ನಾಡಿಯಲ್ಲಿ ಹೆಚ್ಚು ಬದಲಾವಣೆ ಕಾಣದಿದ್ದರೆ ಅವರು ತಪ್ಪು ಮಾಡುತ್ತಿದ್ದಾರೆ ಎಂದೇನೂ ಅಲ್ಲ.

ಗಾಬರಿಯಾದವರಿಗೆ ನಾವೆಲ್ಲ ಹೇಳುವ ಮಾತು "ಉದ್ದಕ್ಕೆ ಉಸಿರೆಳೆದುಕೋ" ಎಂದು. ಮೇಲಿನದನ್ನು ಓದಿದ ಮೇಲೆ ಆ ಮಾತಿನ ತೊಡಕು ನಿಮಗೇ ಕಾಣುತ್ತದೆ. ಎದೆಯ ಓಟ ಹೆಚ್ಚುವುದೇ ಎಳೆದುಕೊಳ್ಳುವಾಗ. ಗಾಬರಿಯಲ್ಲಿರುವವರು ಮೊದಲೇ ಗಬಗಬ ಉಸಿರಾಡುತ್ತಿರುತ್ತಾರೆ, ಅದರ ಮೇಲೆ ಇನ್ನೂ ದೊಡ್ಡ ದೊಡ್ಡ ಉಸಿರು ತೆಗೆದುಕೊಂಡರೆ ರಕ್ತದಲ್ಲಿರಬೇಕಾದ ಇಂಗಾಲದ ಡೈಆಕ್ಸೈಡ್ ತೀರಾ ಇಳಿಯುತ್ತದೆ. ಆಗ ಬೆರಳ ತುದಿ ಜುಮ್ಮೆನ್ನುತ್ತದೆ, ತುಟಿಯ ಸುತ್ತ ಜೋಮು ಹಿಡಿದಂತಾಗುತ್ತದೆ, ತಲೆ ಹಗುರಾಗಿ ತೇಲುತ್ತದೆ. ಅದನ್ನು ಕಂಡು ಗಾಬರಿ ಇಮ್ಮಡಿಯಾಗುತ್ತದೆ. "ಉಸಿರು ಬಿಡು, ನಿಧಾನಕ್ಕೆ ಬಿಡು" ಎಂದು ಹೇಳುವುದನ್ನು ನಾವು ರೂಢಿಸಿಕೊಳ್ಳಬೇಕು. ಬಿಟ್ಟರೆ ಎಳೆದುಕೊಳ್ಳುವುದು ತಾನಾಗಿ ಆಗುತ್ತದೆ, ಅದನ್ನು ಯಾರೂ ಕಲಿಸಬೇಕಿಲ್ಲ.

ಅಳತೆ ಸರಳ. ಮೂಗಿನಿಂದ ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಒಟ್ಟು ಹತ್ತು ಸೆಕೆಂಡು, ನಿಮಿಷಕ್ಕೆ ಆರು ಉಸಿರು. ಒಳಗೆಳೆಯುವುದು ಎಂದಿನಷ್ಟೇ ಇರಲಿ, ಎದೆ ಉಬ್ಬಿಸಬೇಕಾಗಿಲ್ಲ. ಹೊರಬಿಡುವಾಗ ತುಟಿಯನ್ನು ಬಿಸಿ ಕಾಫಿ ಆರಿಸುವಂತೆ ಕಿರಿದು ಮಾಡಿಕೊಂಡರೆ ಗಾಳಿ ತಾನೇ ನಿಧಾನವಾಗುತ್ತದೆ. ಆರಕ್ಕೆ ಎಣಿಸಲಾಗದೆ ಏದುಸಿರು ಬರುತ್ತಿದ್ದರೆ ಎರಡು ಒಳಗೆ, ಮೂರು ಹೊರಗೆ ಎಂದು ಶುರುಮಾಡಿ, ಕೆಲವು ಉಸಿರಿನ ನಂತರ ಹಿಗ್ಗಿಸಿಕೊಳ್ಳಬಹುದು. ನಿಮಿಷಕ್ಕೆ ಆರು ಎಂಬ ಸಂಖ್ಯೆಗೆ ಇನ್ನೊಂದು ಕಾರಣವೂ ಇದೆ. ರಕ್ತದೊತ್ತಡ ಏರಿದರೆ ಹೃದಯವನ್ನು ತಗ್ಗಿಸುವ, ಇಳಿದರೆ ಎಬ್ಬಿಸುವ ದೇಹದ ಸ್ವಂತ ಏರ್ಪಾಟು ಸುಮಾರು ಹತ್ತು ಸೆಕೆಂಡಿನ ಸುತ್ತಿನಲ್ಲಿ ತೂಗುತ್ತದೆ. ಉಸಿರೂ ಅದೇ ಸುತ್ತಿಗೆ ಬಂದಾಗ ಎರಡೂ ಒಂದನ್ನೊಂದು ಬಲಪಡಿಸುತ್ತವೆ. 2001ರಲ್ಲಿ ಲೂಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಇಟಲಿಯಲ್ಲಿ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿ ಅಳೆದಾಗ, ಎರಡೂ ಉಸಿರನ್ನು ಹೆಚ್ಚುಕಡಿಮೆ ನಿಮಿಷಕ್ಕೆ ಆರಕ್ಕೆ ತಂದು ನಿಲ್ಲಿಸಿದ್ದವು.

ಪ್ರಾಣಾಯಾಮ ಬಲ್ಲವರಿಗೆ ಪೂರಕ, ಕುಂಭಕ, ರೇಚಕಗಳ 1:4:2ರ ಲೆಕ್ಕ ನೆನಪಾಗಬಹುದು. ಅದರಲ್ಲೂ ಹೊರ ಉಸಿರು ಒಳ ಉಸಿರಿನ ಎರಡರಷ್ಟು. ಆದರೆ ಎದೆ ಡವಗುಟ್ಟುತ್ತಿರುವಾಗ ನಾಲ್ಕರಷ್ಟು ಹೊತ್ತು ಉಸಿರು ಕಟ್ಟಲು ಹೋಗಬಾರದು, ಗಾಳಿಗಾಗಿ ಹಾತೊರೆದು ಎಲ್ಲ ತಲೆಕೆಳಗಾಗುತ್ತದೆ. ಆ ಹೊತ್ತಿಗೆ ಭ್ರಾಮರಿ ಮೇಲು. ಬಾಯಿ ಮುಚ್ಚಿ ದುಂಬಿಯಂತೆ ಗುಂಯ್‌ಗುಡುವಾಗ ಗಾಳಿ ಸಣ್ಣಗೆ ಸೋರುವುದರಿಂದ, ಎಣಿಸುವ ಗೋಜಿಲ್ಲದೆ ಹೊರ ಉಸಿರು ಎಂಟು ಹತ್ತು ಸೆಕೆಂಡು ಬರುತ್ತದೆ.

ಉಸಿರಿನಿಂದ ಆಗುವ ಸರಾಸರಿ ಇಳಿಕೆ ದೊಡ್ಡದೇನಲ್ಲ, ಕೆಲವೇ ಬಡಿತಗಳಷ್ಟು. ತಣ್ಣೀರಿನದು ಹಾಗಲ್ಲ.

ನೀರಿನಲ್ಲಿ ಮುಳುಗುವ ಪ್ರಾಣಿಗಳ ಹೃದಯ ನಿಧಾನವಾಗುತ್ತದೆ ಎಂದು ಫ್ರಾನ್ಸಿನ ಪಾಲ್ ಬರ್ಟ್ 1870ರಲ್ಲಿ ಬಾತುಕೋಳಿಗಳಲ್ಲಿ ಗುರುತಿಸಿದ್ದರು. ಕಡಲಿನ ಸೀಲ್‌ಗಳಲ್ಲಿ ಇದು ಬೆರಗು ಹುಟ್ಟಿಸುವಷ್ಟು ಬಲವಾಗಿದೆ. ನೂರರ ಆಸುಪಾಸಿನಲ್ಲಿದ್ದ ಬಡಿತ ಮುಳುಗಿದಾಗ ಹತ್ತರ ಆಸುಪಾಸಿಗೆ ಇಳಿಯುವುದುಂಟು. ಇರುವ ಆಮ್ಲಜನಕವನ್ನು ಮಿದುಳಿಗೂ ಹೃದಯಕ್ಕೂ ಉಳಿಸಿಕೊಳ್ಳುವ ದೇಹದ ಮಿತವ್ಯಯ ಅದು. ಮನುಷ್ಯನಲ್ಲೂ ಅದರ ಪಾಲು ಉಳಿದಿದೆ. ಹಣೆಯಲ್ಲಿ, ಕಣ್ಣಿನ ಸುತ್ತ, ಮೂಗಿನ ಮೇಲೆ ಚಳಿಯನ್ನು ಗುರುತಿಸುವ ನರತುದಿಗಳಿವೆ. ಅವು ಟ್ರೈಜೆಮಿನಲ್ ಎಂಬ ಮುಖದ ನರದ ಮೂಲಕ ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದ ವೇಗಸ್‌ಗೆ ಅಪ್ಪಣೆ ಹೋಗುತ್ತದೆ. ಜೊತೆಗೆ ಉಸಿರು ಹಿಡಿದಿದ್ದರೆ ಎರಡೂ ಸೇರಿ ಪರಿಣಾಮ ಹೆಚ್ಚುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಬಡಿತ ನೂರಕ್ಕೆ ಹತ್ತರಿಂದ ಇಪ್ಪತ್ತೈದರಷ್ಟು ಇಳಿಯುವುದು ಸಾಮಾನ್ಯ, ಅದೂ ಅರ್ಧ ನಿಮಿಷದೊಳಗೆ.

ಹೀಗೆಂದು ಬಚ್ಚಲಿಗೆ ಹೋಗಿ ಎರಡು ಬೊಗಸೆ ನೀರು ಎರಚಿಕೊಂಡರೆ ಆಗುವುದು ಅತ್ಯಲ್ಪ. ಎರಚಿದ ನೀರು ಒಂದು ಕ್ಷಣ ತಾಗಿ ಜಾರಿ ಹೋಗುತ್ತದೆ, ಬೆಚ್ಚಿದ ಅನುಭವದಿಂದ ನಾಡಿ ಮೊದಲು ಒಂದಿಷ್ಟು ಏರಲೂಬಹುದು. ಚಳಿ ಮುಖದ ಮೇಲೆ 15ರಿಂದ 30 ಸೆಕೆಂಡು ನಿಲ್ಲಬೇಕು, ಅಷ್ಟು ಹೊತ್ತೂ ಉಸಿರು ಹಿಡಿದಿರಬೇಕು. ನೀರು 10ರಿಂದ 15 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಜನವರಿಯ ಮುಂಜಾವಿನಲ್ಲಿ ಮಡಿಕೇರಿಯ ನಲ್ಲಿಯಲ್ಲಿ ಬರುವ ನೀರು ಇದಕ್ಕೆ ಹತ್ತಿರವಿದ್ದೀತು. ಮೇ ತಿಂಗಳ ಕಲಬುರಗಿಯಲ್ಲಿ ಮಾಳಿಗೆಯ ಟ್ಯಾಂಕಿನಿಂದ ಇಳಿಯುವ ಬಿಸಿನೀರನ್ನು ಎಷ್ಟು ಹೊತ್ತು ಎರಚಿಕೊಂಡರೂ ಹೃದಯಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. 26 ಡಿಗ್ರಿಯ ಎರಡು ಲೀಟರ್ ನೀರಿಗೆ ಕಾಲು ಕೆಜಿ ಐಸ್ ಹಾಕಿ ಕರಗಿಸಿದರೆ ಅದು 14 ಡಿಗ್ರಿಗೆ ಬರುತ್ತದೆ. ಐಸ್ ಇಲ್ಲದಿದ್ದರೆ ಫ್ರಿಜ್‌ನಲ್ಲಿಟ್ಟ ಎರಡು ಬಾಟಲಿ ನೀರಿಗೆ ನಲ್ಲಿಯ ನೀರು ಒಂದು ಬಾಟಲಿ ಬೆರೆಸಿದರೂ ಸಾಕು.

ಒಂದು ಪ್ರಸಂಗವನ್ನು ಊಹಿಸಿಕೊಂಡು ಲೆಕ್ಕ ಹಾಕೋಣ. ಹುಬ್ಬಳ್ಳಿಯ ಒಂದು ಮನೆಯಲ್ಲಿ ಮೂವತ್ತೈದರ ಒಬ್ಬಾಕೆ, ಬೇರೆ ಕಾಯಿಲೆಯಿಲ್ಲದವರು, ಕೆಟ್ಟ ಕನಸಿನಿಂದ ನಡುರಾತ್ರಿ ಎದ್ದು ಕುಳಿತಿದ್ದಾರೆ. ಎದೆ ಹೊಡೆದುಕೊಳ್ಳುತ್ತಿದೆ. ಅತ್ತೆ ಪಕ್ಕಕ್ಕೆ ಬಂದು "ಚಲೋತ್ನಾಗಿ ಉಸಿರು ಎಳಕೋವಾ" ಎನ್ನುತ್ತಾರೆ. ಸೊಸೆ ಮೊದಲು ನಾಡಿ ಎಣಿಸುತ್ತಾರೆ. ಹದಿನೈದು ಸೆಕೆಂಡಿಗೆ 28, ನಾಲ್ಕರಿಂದ ಗುಣಿಸಿದರೆ 112. ಅತ್ತೆ ಫ್ರಿಜ್‌ನ ನೀರನ್ನು ಬೋಗುಣಿಗೆ ಸುರಿದು ನಲ್ಲಿಯ ನೀರು ಬೆರೆಸಿ ಮೇಜಿನ ಮೇಲಿಡುತ್ತಾರೆ. ಸೊಸೆ ಕುರ್ಚಿಯಲ್ಲಿ ಕುಳಿತು, ಎಂದಿನಂತೆ ಒಂದು ಉಸಿರು ತೆಗೆದುಕೊಂಡು ಹಿಡಿದು, ಹಣೆಯಿಂದ ಕೆನ್ನೆಯವರೆಗೆ ಮುಳುಗುವಂತೆ ಬಾಗುತ್ತಾರೆ. ಮೊದಲ ಎರಡು ಮೂರು ಸೆಕೆಂಡು ಮುಖ ಚುರುಗುಟ್ಟುತ್ತದೆ. ಇಪ್ಪತ್ತು ಎಣಿಸಿ ತಲೆಯೆತ್ತುತ್ತಾರೆ. ಮುಳುಗಿದ್ದಾಗ ಅವರ ಮಣಿಕಟ್ಟು ಹಿಡಿದಿದ್ದ ಅತ್ತೆಗೆ ಕೊನೆಯ ಹೊತ್ತಿನ ಬಡಿತಗಳ ನಡುವೆ ಬಿಡುವು ಹೆಚ್ಚಿದ್ದು ತಿಳಿದಿರುತ್ತದೆ, ವೇಗ 88ರ ಸುಮಾರಿಗೆ ಬಂದಿರುತ್ತದೆ.

ಒಂದು ನಿಮಿಷ ಬಿಟ್ಟು ಎಣಿಸಿದರೆ ಹದಿನೈದು ಸೆಕೆಂಡಿಗೆ 26, ಅಂದರೆ 104. ಬಹಳಷ್ಟು ಮಂದಿ ನಿರಾಸೆಗೊಳ್ಳುವುದು ಇಲ್ಲೇ. ಆಗಿರುವುದು ಇಷ್ಟು: ಚಳಿ ತೆಗೆದೊಡನೆ ವೇಗಸ್ ಬಿಟ್ಟ ಅಸಿಟೈಲ್‌ಕೋಲಿನ್ ಕರಗಿತು, ಅಡ್ರಿನಲಿನ್ ಮಾತ್ರ ರಕ್ತದಲ್ಲಿ ಇನ್ನೂ ಇದೆ. ಅದು ಪೂರ್ತಿ ಇಳಿಯಲು ಕೆಲವು ನಿಮಿಷ ಬೇಕು, ಆ ನಿಮಿಷಗಳನ್ನು ಗಾಬರಿ ಮರುಕಳಿಸದಂತೆ ದಾಟಿಸುವ ಕೆಲಸ ಉಸಿರಿನದು. ಬೇಕಿದ್ದರೆ ಇನ್ನೊಮ್ಮೆ ಮುಖ ಮುಳುಗಿಸಬಹುದು, ಆಮೇಲೆ ನಾಲ್ಕು ಆರರ ಉಸಿರನ್ನು ಐದು ನಿಮಿಷ ನಡೆಸಬೇಕು. ನಮ್ಮ ಪ್ರಸಂಗದಾಕೆ ಅದನ್ನು ಮುಗಿಸಿ ಎಣಿಸಿದಾಗ 20 ಸಿಕ್ಕಿತು ಎಂದುಕೊಳ್ಳಿ, ನಿಮಿಷಕ್ಕೆ 80. ಬೋಗುಣಿಯಿಂದ ಸಿಕ್ಕಿದ್ದು ಆ ಮೊದಲ ಬಿಡುವು, "ಇದು ನನ್ನ ಕೈಮೀರಿಲ್ಲ" ಎಂಬ ಧೈರ್ಯ. ಉಳಿದದ್ದನ್ನು ಉಸಿರು ಮಾಡಿತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ಭಾವನೆಗಳ ಬಿರುಸಿಗೆ ಸಿಕ್ಕವರಿಗಾಗಿ ರೂಪಿಸಿದ ಚಿಕಿತ್ಸಾ ವಿಧಾನದಲ್ಲೂ ತಣ್ಣೀರು ಮತ್ತು ನಿಧಾನದ ಉಸಿರು ಎರಡೂ ಇವೆ.

ಬೋಗುಣಿ ಹಿಡಿದು ಕೂರಲು ಆಗದ ಕಡೆ, ಆಫೀಸಿನಲ್ಲೋ ಬಸ್‌ ನಿಲ್ದಾಣದಲ್ಲೋ, ತಣ್ಣಗಿನ ನೀರಲ್ಲಿ ಅದ್ದಿದ ಕರವಸ್ತ್ರವನ್ನು ಹಣೆ, ಕಣ್ಣು, ಕೆನ್ನೆಗಳ ಮೇಲೆ ಹರಡಿ ಒತ್ತಿಕೊಂಡು, ಬಾಗಿ ಉಸಿರು ಹಿಡಿಯಬಹುದು. ಐಸನ್ನು ನೇರವಾಗಿ ಚರ್ಮಕ್ಕೆ ಹಚ್ಚಬಾರದು, ಒದ್ದೆ ಬಟ್ಟೆಯಲ್ಲಿ ಸುತ್ತಿರಬೇಕು. ಮೈಮೇಲೆ ತಣ್ಣೀರು ಸುರಿದುಕೊಳ್ಳುವುದು ಮಾತ್ರ ಬೇಡ. ಮೈಯ ಚರ್ಮಕ್ಕೆ ಒಮ್ಮೆಲೇ ಚಳಿ ತಾಗಿದರೆ ಆಗುವುದು ಇದರ ವಿರುದ್ಧ: ಏದುಸಿರು ಎಳೆದುಕೊಂಡು, ಬಡಿತ ಏರುತ್ತದೆ. ಮುಖದ ಚಳಿ ನಿಧಾನಿಸು ಎನ್ನುವಾಗ ಮೈಯ ಚಳಿ ಓಡು ಎಂದರೆ ಹೃದಯದ ಲಯವೇ ತಪ್ಪುವ ಸಂಭವವಿದೆ. ಕಣ್ಣುಗುಡ್ಡೆ ಒತ್ತುವುದು, ಕುತ್ತಿಗೆಯ ರಕ್ತನಾಳ ಉಜ್ಜುವುದು ಎಂಬ ಹಳೆಯ ಉಪಾಯಗಳನ್ನೂ ಮನೆಯಲ್ಲಿ ಮಾಡಬಾರದು.

ತಲೆ ತಿರುಗಿ ಬಿದ್ದವರ ಮುಖಕ್ಕೆ ನೀರು ಚಿಮುಕಿಸುವ ರೂಢಿ ನಮ್ಮಲ್ಲಿದೆ. ಬಿಸಿಲಲ್ಲಿ ನಿಂತೋ ರಕ್ತ ಕಂಡೋ ಹಾಗೆ ಬಿದ್ದವರಲ್ಲಿ ರಕ್ತದೊತ್ತಡ ಕುಸಿದಿರುತ್ತದೆ, ನಾಡಿಯೂ ಹೆಚ್ಚಿನ ಸಲ ನಿಧಾನವಾಗಿರುತ್ತದೆ. ಅವರ ಲಗಾಮನ್ನು ಇನ್ನೂ ಎಳೆಯುವ ಅಗತ್ಯವಿಲ್ಲ. ಅಂಗಾತ ಮಲಗಿಸಿ ಕಾಲುಗಳನ್ನು ಎತ್ತಿ ಹಿಡಿಯುವುದೇ ಅವರಿಗೆ ಬೇಕಾದ ಉಪಚಾರ.

ಹೃದಯದ ಕಾಯಿಲೆ ಇರುವವರು, ನಾಡಿ ಸಹಜವಾಗಿಯೇ ನಿಧಾನ ಇರುವವರು, ಬಡಿತ ತಗ್ಗಿಸುವ ಮಾತ್ರೆ ತಿನ್ನುವವರು, ಊಟ ಬಿಟ್ಟು ತೀರಾ ಸೊರಗಿದವರು ತಣ್ಣೀರಿನ ಪ್ರಯೋಗಕ್ಕೆ ಮುನ್ನ ವೈದ್ಯರನ್ನು ಕೇಳಬೇಕು. ಬಿ.ಪಿ. ಹತೋಟಿಯಲ್ಲಿಲ್ಲದವರೂ ಅಷ್ಟೇ, ಏಕೆಂದರೆ ಮುಖದ ಚಳಿಗೆ ಕೈಕಾಲಿನ ರಕ್ತನಾಳಗಳು ಬಿಗಿದು ಒತ್ತಡ ಏರುತ್ತದೆ. ಉದ್ದದ ಹೊರ ಉಸಿರಿಗೆ ಈ ಭಯವಿಲ್ಲ.

ಕೊನೆಯದಾಗಿ, ಓಡುತ್ತಿರುವ ಹೃದಯ ಯಾಕೆ ಓಡುತ್ತಿದೆ ಎಂದು ನೋಡಬೇಕು. ಜ್ವರ, ವಾಂತಿಭೇದಿಯಿಂದ ನೀರು ಕಳೆದುಕೊಂಡದ್ದು, ರಕ್ತಹೀನತೆ, ಥೈರಾಯ್ಡ್ ಹೆಚ್ಚಳ, ಇವುಗಳಲ್ಲಿ ಹೃದಯ ಓಡುವುದು ಕೆಲಸವಿರುವುದರಿಂದ. ಅಲ್ಲಿ ನೋಡಿಕೊಳ್ಳಬೇಕಾದದ್ದು ಮೂಲ ಕಾಯಿಲೆಯನ್ನು. ಎದೆನೋವು, ಬೆವರು, ಎಡಗೈಗೋ ದವಡೆಗೋ ಹರಡುವ ನೋವು, ಉಸಿರು ಸಾಲದಿರುವುದು, ಕಣ್ಣು ಕತ್ತಲೆ ಬರುವುದು ಜೊತೆಗಿದ್ದರೆ ಬೋಗುಣಿ ತರಲು ಹೋಗದೆ 108ಕ್ಕೆ ಫೋನ್ ಮಾಡಬೇಕು.

ಇನ್ನೊಂದು ಬಗೆಯ ಓಟವಿದೆ, ಅದನ್ನು ಗಾಬರಿ ಎಂದು ಎಷ್ಟೋ ವರ್ಷ ತಪ್ಪು ತಿಳಿಯುವುದುಂಟು. ಗಾಬರಿಯ ಓಟ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ, ಕುಳಿತಲ್ಲೇ ಕುಳಿತವರಲ್ಲಿ 150 ದಾಟುವುದು ಅಪರೂಪ. ಈ ಇನ್ನೊಂದು ಮಾತ್ರ ಏನೂ ಮಾಡದೆ ಕುಳಿತಾಗಲೇ ಸ್ವಿಚ್ ಹಾಕಿದಂತೆ ಶುರುವಾಗಿ 150ರಿಂದ 220ರವರೆಗೆ ಹೋಗಿ, ಹಾಗೇ ತಟ್ಟನೆ ನಿಲ್ಲುತ್ತದೆ. ಹೃದಯದೊಳಗಿನ ವಿದ್ಯುತ್ತು ತಪ್ಪು ದಾರಿಯಲ್ಲಿ ಸುತ್ತುಹಾಕುವುದರಿಂದ ಬರುವ ಇದನ್ನು ವೈದ್ಯರು ಎಸ್‌ವಿಟಿ ಎನ್ನುತ್ತಾರೆ. ತಣ್ಣೀರು ಒಮ್ಮೊಮ್ಮೆ ಇದನ್ನೂ ನಿಲ್ಲಿಸುತ್ತದೆ, ಹಸುಗೂಸುಗಳಲ್ಲಿ ಆಸ್ಪತ್ರೆಯಲ್ಲೇ ಮುಖದ ಮೇಲೆ ಐಸ್ ಚೀಲವಿಟ್ಟು ನಿಲ್ಲಿಸುವ ಕ್ರಮವಿದೆ. ದೊಡ್ಡವರಿಗೆ ಬಿಗಿಯಾಗಿ ಮುಕ್ಕಿಸಿ ತಕ್ಷಣ ಮಲಗಿಸಿ ಕಾಲೆತ್ತುವ ವಿಧಾನ ಹೆಚ್ಚು ಫಲ ಕೊಡುತ್ತದೆ. 2015ರಲ್ಲಿ ಬ್ರಿಟನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ಅದರಿಂದ ನೂರಕ್ಕೆ 43 ಮಂದಿಯ ಲಯ ಸರಿಹೋಯಿತು, ಕುಳಿತೇ ಮುಕ್ಕಿದವರಲ್ಲಿ 17 ಮಂದಿಯದು ಮಾತ್ರ. ಓಟ ನಿಂತ ಮೇಲೆ ತೆಗೆದ ಇಸಿಜಿ ಬಹುಮಟ್ಟಿಗೆ ಸರಿಯಾಗಿಯೇ ಬರುವುದರಿಂದ "ಟೆನ್ಷನ್ ಅಷ್ಟೇ" ಎಂದು ಮನೆಗೆ ಕಳುಹಿಸಿಬಿಡುತ್ತಾರೆ. ಹೀಗೆ ತಟ್ಟನೆ ಬಂದು ತಟ್ಟನೆ ಹೋಗುವ ಓಟ ನಿಮಗೋ ಮನೆಯವರಿಗೋ ಬರುತ್ತಿದ್ದರೆ, ಶುರುವಾದ ಗಳಿಗೆಯನ್ನೂ ಹದಿನೈದು ಸೆಕೆಂಡಿನ ಎಣಿಕೆಯನ್ನೂ ಬರೆದಿಟ್ಟುಕೊಳ್ಳಿ, ಅದು ನಡೆಯುತ್ತಿರುವಾಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ, ಆ ಕಾಗದದ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಹೃದಯದ ವಿದ್ಯುತ್ತನ್ನು ಬಲ್ಲ ತಜ್ಞರಿಗೆ ಅದೊಂದು ಹಾಳೆ ಸಾಕು, ತಪ್ಪು ದಾರಿಯನ್ನು ತೂರುನಳಿಕೆಯಿಂದ ಸುಟ್ಟು ಮುಚ್ಚುವ ಚಿಕಿತ್ಸೆ ಬೇಕೋ ಬೇಡವೋ ಎಂದು ಅವರು ಅದರಿಂದಲೇ ಮಾತು ಶುರುಮಾಡುತ್ತಾರೆ.